ಗೆರೆ ಎಳೆಯದ ಜಾಗ

ಕುಂದಾಪುರದ ಜಾಹೀರಾತು ಅಂಗಡಿಯೊಂದರಲ್ಲಿ ಕೆಲಸ ಮಾಡುವ ನನಗೆ, ನನ್ನ ಬರವಣಿಗೆಯ ಬಗ್ಗೆ ಸ್ವಲ್ಪ ಹೆಚ್ಚೇ ಜಂಭವಿತ್ತು. ಗಂಗೊಳ್ಳಿಯಲ್ಲಿರುವ ನನ್ನ ಅಕ್ಕ ಒಣಮೀನು ಮಾರುತ್ತಿದ್ದಳು. ಗಿರಾಕಿಗಳ ಜೊತೆ ಗಂಟೆಗಟ್ಟಲೆ ಜಗಳವಾಡುವವಳಿಗೆ ಫೋನಿನ ಕ್ಯಾಮರಾ ಕಂಡರೆ ಬಾಯಿ ಕಟ್ಟುತ್ತಿತ್ತು. ಒಂದು ಭಾನುವಾರ ಕೂತು ರೀಲ್ಸಿಗೆಂದು ಹನ್ನೆರಡು ಸ್ಕ್ರಿಪ್ಟ್ ಬರೆದು ಅವಳ ಫೋನಿಗೆ ಹಾಕಿಕೊಟ್ಟೆ. ಹೊಸ ಮಾಲಿಗೆ ನಾಲ್ಕು, ಅಡುಗೆಗೆ ನಾಲ್ಕು, ಗಿರಾಕಿಗಳ ಪ್ರಶ್ನೆಗಳಿಗೆ ನಾಲ್ಕು.

ಎಲ್ಲಕ್ಕೂ ಮೂರು ಭಾಗ. ಮೊದಲಿಗೆ, ಬೆರಳು ಸರಿಸುತ್ತಾ ಹೋಗುವವರನ್ನು ತಡೆದು ನಿಲ್ಲಿಸುವ ಹುಕ್. ನಂತರ ಒಂದೇ ವಿಷಯ ಹೇಳುವ ಬಾಡಿ. ಕೊನೆಗೆ, ಏನು ಮಾಡಬೇಕೆಂದು ಹೇಳುವ ಕರೆ, ಅದೂ ಒಂದೇ. ಫಾಲೋ ಮಾಡಿ, ಶೇರ್ ಮಾಡಿ ಎಂದೆಲ್ಲ ಸೇರಿಸಿದರೆ ಜನ ಯಾವುದನ್ನೂ ಮಾಡುವುದಿಲ್ಲ. ಬದಲಾಗುವ ಕಡೆ ಖಾಲಿ ಗೆರೆ, ಬದಲಾಗದ ಕಡೆ ಅಕ್ಷರ.

ಹೆಚ್ಚು ಓಡಿದ್ದು ಮೊದಲನೆಯದು, ಹೊಯ್ಗಿ ಅಂದರೆ ಮರಳಿನ ಮಾತು ಬರುವುದು: "ಒಣ ____ ತಿಂಬತಿಗೆ ಬಾಯಿಗ್ ಹೊಯ್ಗಿ ಸಿಕ್ತಾ? ಇದ್ ನಮ್ಮನಿಯವ್ರ್ ತಂದ ಮೀನ್. ನೆಲಕ್ಕ್ ಹಾಕ್ದೆ, ಮೀನ್ ಬಲಿ ಮೇಲೆ ____ ದಿನ ಒಣ್ಸಿದ್ದ್. ಖಾಲಿ ಆಪುಕ್ ಮುಂಚೆ ವಾಟ್ಸಾಪ್ ಮಾಡಿ." ಮೀನಿನ ಹೆಸರಿಗೆ ಗೆರೆ ಎಳೆದಿದ್ದೆ. ಮೀನು ತರುವ ಭಾವನಿಗೆ ಎಳೆದಿರಲಿಲ್ಲ.

ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲಲು ಒಂದು ವಾರವಿತ್ತು. ಅಳಿವೆಯಲ್ಲಿ ಭಾವನ ದೋಣಿ ಮಗುಚಿತು. ಮರುದಿನ ದೇಹ ಸಿಕ್ಕಿತು.

ಅವನು ತಂದ ಮೀನು ಒಳಕೋಣೆಯಲ್ಲಿ ಚೀಲಗಟ್ಟಲೆ ಇತ್ತು. ಒಣಮೀನಿಗೆ ಗಿರಾಕಿ ಇರುವುದೇ ಮಳೆಗಾಲದಲ್ಲಿ. ತಂಪು ತಗುಲಿದರೆ ಬೂಸ್ಟು ಹಿಡಿಯುತ್ತದೆ. ಮಾರದೆ ವಿಧಿಯಿರಲಿಲ್ಲ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅವಳ ಫೋನು ಕೈಗೆತ್ತಿಕೊಂಡೆ.

"ಆ ಸಾಲ್ ತೆಗಿತೆ ಅಕ್ಕ."

"ಎಂತಕ್? ಅವ್ರ್ ತಂದದ್ದ್ ಇನ್ನೂ ಒಳ್ಗಿತ್ತಲೆ. ಅದ್ ಮುಗಿವರಿಗೂ ಸುಳ್ಳಲ್ಲ."

ಮತ್ತೆ ವಾರಕ್ಕೊಂದು ರೀಲ್ಸು. ಅದೇ ಮಾತು, ಒಮ್ಮೆಯೂ ತಡವರಿಸಲಿಲ್ಲ. ಊರಿಗೆಲ್ಲ ಸುದ್ದಿ ಗೊತ್ತಿದ್ದುದರಿಂದ ನೋಡುವವರು ಹೆಚ್ಚಿದರು, ಆರ್ಡರ್ ಹೆಚ್ಚಿತು. ಹುಕ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನನಗೆ ಒಂದು ಕ್ಷಣ ಖುಷಿಯೂ ಆಯಿತು. ಆ ಖುಷಿಗೆ ಇವತ್ತಿಗೂ ನನಗೆ ನನ್ನ ಮೇಲೆಯೇ ಹೇಸಿಗೆ.

ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದವು. ಒಳಗೆ ಉಳಿದದ್ದು ಒಂದೇ ಚೀಲ, ಬಂಗುಡೆಯದ್ದು. ಅಕ್ಕ ಫೋನಿನ ಮುಂದೆ ನಿಂತಳು, ನಾನು ಹಿಡಿದುಕೊಂಡಿದ್ದೆ. ಹೊಯ್ಗಿಯ ಪ್ರಶ್ನೆ ಕೇಳಿದಳು. ನಮ್ಮನಿಯವ್ರ್ ತಂದ ಮೀನ್ ಎಂದಳು. "ಖಾಲಿ ಆಪುಕ್ ಮುಂಚೆ..." ಎಂದು ಮಾತು ನಿಲ್ಲಿಸಿದಳು.

ಮರೆತಳೆಂದುಕೊಂಡು ನಾನು ಮೆಲ್ಲಗೆ ಹೇಳಿಕೊಟ್ಟೆ: "ವಾಟ್ಸಾಪ್ ಮಾಡಿ."

"ಗೊತ್ತಿತ್ ಮಾರಾಯ್ತಿ," ಎಂದಳು. ನನ್ನ ಕೈಯಿಂದ ಫೋನು ತೆಗೆದು ಮಗುಚಿಟ್ಟಳು.

ಈಗ ಬಂದರಿನಲ್ಲಿ ಬೇರೆಯವರ ಮೀನು ಕೊಂಡು ಒಣಗಿಸುತ್ತಾಳೆ. ತಂದವರ ಹೆಸರಿಗೂ ಗೆರೆ ಎಳೆದುಕೊಟ್ಟಿದ್ದೇನೆ. ಬಂಗುಡೆಯ ಆ ಚೀಲ ಒಳಕೋಣೆಯಲ್ಲೇ ಇದೆ. ಬೂಸ್ಟು ಹಿಡಿದು ವಾಸನೆ ಬರುತ್ತಿದೆ, ಬಿಸಾಡು ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಇಲ್ಲ.