ಬೋಳುತಲೆಯ ಮೇಲಿನ ಕೊನೆಯ ಎರಡು ಅಂಕಿ

ಶೇಷಗಿರಿ ಅಂಕಲ್ ಅವರನ್ನು ಮನೆಗೆ ಊಟಕ್ಕೆ ಕರೆಯಲು ನಮ್ಮ ಕನ್ನಡ ಕೂಟದವರಿಗೆ ಒಳಗೊಳಗೇ ಹೆದರಿಕೆ. ಹೋಳಿಗೆಗೆ ಕೈ ಹಾಕುವ ಮೊದಲು ಗೋಡೆಯ ಮೇಲೆ ಬೆರಳಾಡಿಸಿ, "ಮೂಲೇಲಿ ಒಂದೇ ಕೋಟ್ ಹೊಡ್ದಿದಾನೆ ಕಣ್ರೀ ನಿಮ್ಮ ಪೇಂಟರ್" ಎನ್ನುವ ಆಸಾಮಿ ಅವರು. ಒಂದು ವರ್ಷ ಯುಗಾದಿಯ ಕರೆಯೋಲೆಯಲ್ಲಿ ಕೂಟದವರು ಬೇವಿನ ಹೂವಿನ ಫೋಟೋ ಮೇಲೆ ಬಿಳಿ ಅಕ್ಷರ ಹಾಕಿದ್ದರು. "ಟೈಮು ಹೂವಿನೊಳಗೆ ಅಡಗಿದೆ. ಹುಡುಕಿದೋರಿಗೆ ಮಾತ್ರ ಊಟ" ಎಂದು ಅಂಕಲ್ ಕಾರ್ಯದರ್ಶಿಯ ಎದುರಿಗೇ ಹೇಳಿದರು. ಹೇಳಿದ್ದು ಸರಿ, ಆದರೆ ಯಾರಿಗೆ ಬೇಕಿತ್ತು?

ಪಕ್ಕದ ವಾರೆನ್ ಊರಿನ ಒಂದು ಕಾರ್ ಬಿಡಿಭಾಗದ ಕಾರ್ಖಾನೆಯಲ್ಲಿ ಅವರು ಬಣ್ಣದ ಇಂಜಿನಿಯರ್ ಆಗಿದ್ದರು. ಬಾಗಿಲಿಗೆ ಬಳಿದ ಬಣ್ಣ ಎಷ್ಟು ದಪ್ಪ ಇದೆ ಎಂದು ಮೀಟರ್ ಒತ್ತಿ ನೋಡುವುದು, ತೆಳ್ಳಗಿದ್ದರೆ ವಾಪಸ್ ಕಳಿಸುವುದು. ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ ಅವರನ್ನೇ ವಾಪಸ್ ಕಳಿಸಿಬಿಟ್ಟರು. ಮನೆಯಲ್ಲಿ ಕೂತು ವಸುಧಾ ಆಂಟಿಯ ಚಪಾತಿಯ ದಪ್ಪ ಪರೀಕ್ಷಿಸತೊಡಗಿದಾಗ ಆಂಟಿಯೇ ಮನೋಹರ್‌ಗೆ ಫೋನ್ ಮಾಡಿ, "ಏನಾದ್ರೂ ಕೆಲ್ಸ ಕೊಡಪ್ಪಾ, ಸಂಬಳ ಆಮೇಲೆ ಮಾತಾಡೋಣ" ಎಂದರಂತೆ.

ಮನೋಹರ್ ನಮ್ಮ ಬಾಸ್. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ವೆಬ್‌ಸೈಟ್ ಮಾಡುವ ಪುಟ್ಟ ಕಂಪನಿ. ಡಿಸೈನ್ ಆಶ್ರಿತಾಳದು, ಪ್ರೋಗ್ರಾಂ ಬರೆಯುವುದು ಈ ಲಾವಣ್ಯಾ, ಅಂದರೆ ನಾನು. ರಿಸೆಷನ್ನಿನಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡು, ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುವ ಒಂದು ಸರ್ಕಾರಿ ತರಬೇತಿ ಕೇಂದ್ರ ಮಾತ್ರ ಉಳಿದಿತ್ತು. "ಈ ಸೈಟು ಪಾಸಾಗೋವರೆಗೆ ಟೆಸ್ಟಿಂಗ್ ಮಾಡಿ, ಶೇಷಗಿರಿಯವ್ರೇ. ಆಮೇಲೆ ಇಟ್ಕೊಳ್ಳೋಕೆ ಆಗುತ್ತಾ ನೋಡ್ತೀನಿ" ಎಂದಿದ್ದ ಮನೋಹರ್. ಸೈಟನ್ನು ತಡಮಾಡಿದರೆ ಮೊದಲು ಹೋಗುವುದು ತಾನೇ ಎಂದು ಅಂಕಲ್‌ಗೆ ಚೆನ್ನಾಗಿ ಗೊತ್ತಿತ್ತು.

ಮುಖಪುಟಕ್ಕೆ ಕೇಂದ್ರದವರೇ ಒಂದು ಫೋಟೋ ಕೊಟ್ಟಿದ್ದರು: ಕಾರ್ಖಾನೆಯ ಗೇಟಿನಿಂದ ಕಪ್ಪು ಕೋಟು ತೊಟ್ಟ ಜನ ಗುಂಪಾಗಿ ಹೊರಬರುತ್ತಿರುವುದು. ಅದರ ಮೇಲೆ ಆಶ್ರಿತಾ ದೊಡ್ಡ ಘೋಷವಾಕ್ಯ ಹಾಕಿ, ಕೆಳಗೆ ಸಣ್ಣ ಬಿಳಿ ಅಕ್ಷರದಲ್ಲಿ ವಿಳಾಸ, ಫೋನ್ ನಂಬರ್ ಕೂರಿಸಿದ್ದಳು. ಕಣ್ಣು ಮಂಜಾದವರಿಗೂ ಕಾಣಬೇಕು, ಸಣ್ಣ ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಹೊಳಪಿನ ಅನುಪಾತ ನಾಲ್ಕೂವರೆಗೆ ಒಂದಾದರೂ ಇರಬೇಕು ಎಂದು ಕರಾರಿನಲ್ಲೇ ಇತ್ತು.

"ಚೆಕ್ ಮಾಡಿದೀನಿ ಅಂಕಲ್, ಫೋರ್ಟೀನ್!" ಎಂದಳು ಆಶ್ರಿತಾ.

"ಎಲ್ಲಿ ಒತ್ತಿ ನೋಡ್ದೆ?"

ಅವಳು ತೋರಿಸಿದಳು. ಯಾವನದೋ ಕೋಟಿನ ಮೇಲೆ ಒಂದೇ ಒಂದು ಚುಕ್ಕೆ. ಅಂಕಲ್ ಹುಬ್ಬು ಏರಿಸಿದರು. ಅವಳು ಪಟ್ಟು ಬಿಡದೆ ಸಾಲಿನ ಹಿಂದಿನ ಬಣ್ಣಕ್ಕೆಲ್ಲ ಸರಾಸರಿ ತೆಗೆದು, "ಈಗ್ಲೂ ಏಳು ಬರ್ತಿದೆ. ಇಟ್ಸ್ ಫೈನ್!" ಎಂದಳು.

"ಸರಾಸರಿ ನೋಡ್ಕೊಂಡು ಬಾಗಿಲು ತುಕ್ಕು ಹಿಡಿಯಲ್ಲಮ್ಮಾ. ಎಲ್ಲಿ ತೆಳ್ಳಗಿದೆಯೋ ಅಲ್ಲಿಂದ ಹಿಡಿಯುತ್ತೆ" ಎಂದು ಅಂಕಲ್ ನನ್ನ ಕಡೆ ತಿರುಗಿದರು. "ಲಾವಣ್ಯಾ, ಪ್ರತಿ ಚುಕ್ಕೇನೂ ಓದೋ ಥರ ಏನಾದ್ರೂ ಬರ್ಕೊಡು."

ಬರೆದುಕೊಟ್ಟೆ. ಮರುದಿನ ಅಂಕಲ್ ಕುಣಿಯುತ್ತಾ ಬಂದರು. "ಎಲ್ಲಾ ಫೇಲು! ಕಪ್ಪು ಕೋಟಿನ ಮೇಲೂ ಅನುಪಾತ ಒಂದೇ ಒಂದು! ನಾನು ಹೇಳ್ಲಿಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಅಕ್ಷರ ಇರುವ ಪರದೆಯ ಚಿತ್ರವನ್ನೇ ಅವರು ಅಳೆದಿದ್ದರು. "ಅಂಕಲ್, ಬಿಳಿ ಅಕ್ಷರಾನ ಬಿಳಿ ಅಕ್ಷರದ ಜೊತೆ ಹೋಲ್ಸಿದೀರಾ. ಒಂದು ಬರ್ದೆ ಇನ್ನೇನು ಬರುತ್ತೆ? ಹಿಂದಿರೋದು ಬೇಕಂದ್ರೆ ಮುಂದಿರೋದನ್ನ ಮರೆ ಮಾಡ್ಬೇಕು" ಎಂದೆ. ಅಷ್ಟು ಹೊತ್ತಿಗೆ ಆಶ್ರಿತಾ ಮೇಜು ತಟ್ಟಿ ನಗುತ್ತಿದ್ದಳು. ಅಂಕಲ್ ಮುಖ ಬದನೆಕಾಯಿ ಆಯಿತು.

ಸರಿ, ಅಕ್ಷರ ಇರುವಾಗ ಒಂದು ಚಿತ್ರ, ಅಕ್ಷರ ಅಡಗಿಸಿ ಇನ್ನೊಂದು. ಎರಡರ ನಡುವೆ ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಅಲ್ಲಲ್ಲಿ ಅಕ್ಷರ ಕೂತಿದೆ ಎಂದಾಯಿತು. ಆ ಜಾಗಗಳ ಬಣ್ಣವನ್ನು ಎರಡನೆಯ ಚಿತ್ರದಿಂದ ಒಂದೊಂದಾಗಿ ಓದಿ, ಅಪ್ಪಟ ಬಿಳಿಯೊಂದಿಗೆ ಹೋಲಿಸಿದೆವು. ಕೋಟುಗಳೆಲ್ಲ ಸಲೀಸಾಗಿ ಪಾಸು. ಕೊನೆಗೆ ಸಾಲಿನ ತುದಿಯಲ್ಲಿ, ಫೋನ್ ನಂಬರಿನ ಕೊನೆಯ ಎರಡು ಅಂಕಿಯ ಹಿಂದೆ ಸಿಕ್ಕಿತು: ಒಂದು ಪಾಯಿಂಟ್ ಮೂರು. ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು.

ಅಲ್ಲೇನಿದೆ ಎಂದು ಆಶ್ರಿತಾ ಚಿತ್ರ ದೊಡ್ಡದು ಮಾಡುತ್ತಾ ಹೋದಳು. ಬಿಸಿಲಿಗೆ ಫಳಫಳ ಹೊಳೆಯುವ ಒಂದು ಬೋಳುತಲೆ. ಸ್ವಲ್ಪ ಕೆಳಗೆ ಸರಿಸಿದಳು. ತಲೆಯ ಕೆಳಗೆ ಮೂಗು, ಮೂಗಿನ ಮೇಲೆ ನಮಗೆ ದಿನಾ ಕಾಣುವ ಅದೇ ಕನ್ನಡಕ, ಕೈಯಲ್ಲಿ ರಟ್ಟಿನ ಡಬ್ಬಿ.

"ಅಂಕಲ್... ಇಸ್ ದಟ್ ಯೂ?"

ಅಂಕಲ್ ಹೌದೆಂದು ತಲೆಯಾಡಿಸಿದರು. ಅವರನ್ನು ಕಳಿಸಿದ ದಿನದ ಫೋಟೋ ಅದು. ಪತ್ರಿಕೆಯವರು ಗೇಟಿನ ಹೊರಗೆ ನಿಂತು ತೆಗೆದಿದ್ದರಂತೆ. ಇಷ್ಟು ದಿನ ಅದನ್ನು ನೋಡುತ್ತಾ ಕೂತಿದ್ದರೂ ಆ ಮನುಷ್ಯ ಬಾಯಿ ಬಿಟ್ಟಿರಲಿಲ್ಲ.

ಹಿಂದೆ ನಿಂತು ನೋಡುತ್ತಿದ್ದ ಮನೋಹರ್ ಸಿಡುಕಿದ. "ಓಹೋ, ಇದಕ್ಕಾ ಇಷ್ಟೆಲ್ಲಾ! ನಿಮ್ಮ ತಲೆ ಮೇಲೆ ಅಕ್ಷರ ಬಂತು ಅಂತ ನನ್ನ ಸೈಟ್ ನಿಲ್ಲಿಸ್ತೀರಾ? ನಾಳೆ ಡೆಮೋ ಇದೆ ಸ್ವಾಮಿ!"

"ತಲೆ ನಂದೇ ಇರ್ಬಹುದು ಮನೋಹರ್. ಒಂದು ಪಾಯಿಂಟ್ ಮೂರು ನಂದಲ್ಲ, ಮೆಷಿನ್ನಿಂದು" ಎಂದರು ಅಂಕಲ್. "ಈ ನಂಬರ್ ಹುಡುಕ್ಕೊಂಡು ಬರೋರು ನನ್ನಂಥೋರೇ. ಎರಡಂಕಿ ಕಾಣ್ದಿದ್ರೆ ಯಾರಿಗೆ ಫೋನ್ ಮಾಡ್ತಾರೆ? ಬೇಕಿದ್ರೆ ನಾಳೆಯಿಂದ ಬರಲ್ಲ. ಪಾಸು ಅಂತ ಮಾತ್ರ ಬರೆಯಲ್ಲ."

ಮನೋಹರ್ ಕೀಲಿ ಎತ್ತಿಕೊಂಡು ಹೊರಟೇ ಹೋದ. ಆಶ್ರಿತಾ ನಿಧಾನಕ್ಕೆ, "ನಿಮ್ಮನ್ನ ಕ್ರಾಪ್ ಮಾಡ್ಬಿಡ್ಲಾ ಅಂಕಲ್?" ಎಂದು ಕೇಳಿದಳು.

"ಒಂದು ಸಲ ತೆಗೆದುಹಾಕಿದ್ದು ಸಾಲ್ದಾ? ಇರ್ಲಿ ಬಿಡು."

ಫೋಟೋದ ಮೇಲೆ, ಅಕ್ಷರಗಳ ಕೆಳಗೆ ತೆಳು ಕಪ್ಪು ಪಟ್ಟಿಯೊಂದನ್ನು ಎಳೆದಳು. ಶೇಕಡಾ ನಲವತ್ತು ಕಪ್ಪಿಗೆ ಆ ತಲೆ ಮೂರೂವರೆ ಕೊಟ್ಟಿತು. ಐವತ್ತಕ್ಕೆ ನಾಲ್ಕು ಪಾಯಿಂಟ್ ಎಂಟು. ಪಾಸು! "ಇಪ್ಪತ್ತು ವರ್ಷ ಆದ್ಮೇಲೆ ನನ್ ತಲೆ ಕಪ್ಪಾಯ್ತು. ವಸುಧಾಗೆ ಹೇಳ್ಬೇಡಿ, ಆಸೆ ಪಡ್ತಾಳೆ" ಎಂದರು ಅಂಕಲ್. ಆ ಹೊತ್ತಲ್ಲೂ ತಮಾಷೆ ನೋಡಿ ಇವರದು.

ಮರುದಿನ ಕೇಂದ್ರದ ನಿರ್ದೇಶಕಿ ಬಂದರು. ಹಳೆಯ ಮುಖಪುಟವನ್ನು ಮೂರು ಸಲ ನೋಡಿ ಒಪ್ಪಿದ್ದ ಹೆಂಗಸು. ಕಪ್ಪು ಪಟ್ಟಿ ನೋಡಿ ಏನನ್ನುತ್ತಾರೋ ಎಂದು ಮನೋಹರ್ ಉಗುರು ಕಚ್ಚುತ್ತಿದ್ದ. ಅವರು ಪರದೆಗೆ ಬಾಗಿ ವಿಳಾಸ ಓದಿದರು, ನಂಬರ್ ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಹಣೆ ಚಚ್ಚಿಕೊಂಡರು.

ಕೊನೆಯ ಎರಡು ಅಂಕಿ ತಪ್ಪಿತ್ತು! ಕೇಂದ್ರ ಫೋನ್ ಬದಲಿಸುವ ಮುಂಚಿನ ನಂಬರ್ ಅದು. ಅವರೇ ಕಳಿಸಿದ್ದ ಹಳೆಯ ಕರಪತ್ರದಿಂದ ಆಶ್ರಿತಾ ಎತ್ತಿಕೊಂಡಿದ್ದಳು. ಕಾಣದ ಅಂಕಿಯ ತಪ್ಪು ಯಾರ ಕಣ್ಣಿಗೆ ಬೀಳಬೇಕು?

ಅಲ್ಲೇ ತಿದ್ದಿದೆವು. ತಿದ್ದಿದ ಅಂಕಿಗಳಿಗೂ ಹೊಸದಾಗಿ ಅಳತೆ ಮಾಡಲೇಬೇಕೆಂದು ಅಂಕಲ್ ಹಟ ಹಿಡಿದಾಗ ಮನೋಹರ್ ಕೈಕಟ್ಟಿ ಕಾದು ನಿಂತ. ಪಾಸಾಯಿತು. ನಿರ್ದೇಶಕಿ ಸಹಿ ಹಾಕಿ, ಫೋಟೋದಲ್ಲಿದ್ದ ಮನುಷ್ಯನನ್ನೂ ಪಕ್ಕದಲ್ಲಿ ನಿಂತಿದ್ದ ಮನುಷ್ಯನನ್ನೂ ಎರಡೆರಡು ಸಲ ನೋಡಿದರು. ಅಂಕಲ್ ಕೈ ಕುಲುಕಿ ಹೋದರು.

"ಶೇಷಗಿರಿಯವ್ರೇ" ಎಂದ ಮನೋಹರ್, ನೆಲ ನೋಡುತ್ತಾ, "ಸೋಮವಾರ ಬನ್ನಿ."

"ಬರ್ತೀನಿ. ಅದಕ್ಕೆ ಮುಂಚೆ ಕೆಳಗಿರೋ ನಮ್ಮ ಬೋರ್ಡು ನೋಡಪ್ಪಾ. ಬೂದಿ ಬಣ್ಣದ ಮೇಲೆ ಬಿಳಿ. ನಾನು ಮೊದಲ್ನೇ ದಿನ ಆಫೀಸ್ ಸಿಗ್ದೆ ಡೆಂಟಿಸ್ಟ್ ಹತ್ರ ಹೋಗಿ ಕೂತಿದ್ದೆ."