ಬರ್ಫ ಹಾಕಿದ ಕಂಪ್ಯೂಟರು

ಇಳಕಲ್ಲಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿರುವ ನಮ್ಮ ಸೈಬರ್ ಅಂಗಡಿಯಲ್ಲಿ ಈಗ ಉಳಿದಿರುವುದು ಎರಡೇ ಕಂಪ್ಯೂಟರು. ಎರಡಕ್ಕೂ ನಮ್ಮ ಯಜಮಾನರು ಬೀಗದಂಥ ಒಂದು ಸಾಫ್ಟ್‌ವೇರ್ ಹಾಕಿದ್ದರು. ಗಿರಾಕಿಗಳು ಏನೇ ಇಳಿಸಿಕೊಳ್ಳಲಿ, ಏನೇ ಅಳಿಸಲಿ, ಒಮ್ಮೆ ಆರಿಸಿ ಹಚ್ಚಿದರೆ ಕಂಪ್ಯೂಟರು ಇವರು ನಿಲ್ಲಿಸಿಟ್ಟ ದಿನದ ಹಾಗೆಯೇ ಎದ್ದು ಕೂರುತ್ತಿತ್ತು. ಮಂಜುಗಡ್ಡೆಯಂತೆ ಎಲ್ಲವನ್ನೂ ಹೆಪ್ಪುಗಟ್ಟಿಸಿಡುವ ಅದನ್ನು ಇವರು ಬರ್ಫ ಎಂದೇ ಕರೆಯುತ್ತಿದ್ದರು. “ಬರ್ಫ ಹಾಕೀನಿ, ಯಾರ ಕೈಯಾಗೂ ಕೆಡೂದಿಲ್ಲ.” ಹೊಸದೇನಾದರೂ ಉಳಿಯಬೇಕಾದರೆ ಪಾಸ್‌ವರ್ಡ್ ಹೊಡೆದು, ಬರ್ಫ ಕರಗಿಸಿ, ಮತ್ತೆ ಶುರು ಮಾಡಿ, ಅಪ್‌ಡೇಟ್ ಎಲ್ಲ ಮುಗಿದ ಮೇಲೆ ತಿರುಗಿ ಬರ್ಫ ಹಾಕಬೇಕು. ಅಂಗಡಿ ಬಂದ್ ಇಟ್ಟ ದಿನ ಒಬ್ಬರೇ ಕೂತು ಅದನ್ನು ಮಾಡುತ್ತಿದ್ದರು. ನಾನು ಝೆರಾಕ್ಸ್ ನೋಡಿಕೊಳ್ಳುವವಳು.

ಆಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬಾಗಲಕೋಟೆಯ ದವಾಖಾನೆಯಿಂದ ಮನೆಗೆ ಬಂದಾಗ ಬಲಗೈ ಸತ್ತಂತಿತ್ತು. ಮಾತಿನಲ್ಲಿ ‘ಹೂಂ’ ಮತ್ತು ‘ಆತು’ ಎರಡೇ ಉಳಿದಿದ್ದವು.

“ಪಾಸ್‌ವರ್ಡ್ ಏನ್ ಇಟ್ಟೀರಿ? ನೆನಪು ಮಾಡ್ಕೋರಿ ಒಂದೀಟು.”

“ಹೂಂ.”

“ಹೂಂ ಅಂತ ಹೊಡೀಲೇನು?”

“ಆತು.”

ಹೊಡೆದೂ ನೋಡಿದೆ. ನಮ್ಮ ಮದುವೆಯ ತಾರೀಖು, ಅತ್ತೆಯ ಹೆಸರು, ಸ್ಕೂಟರಿನ ನಂಬರು, ಯಾವುದಕ್ಕೂ ಅದು ಬಾಗಿಲು ತೆರೆಯಲಿಲ್ಲ.

ಪ್ರತಿದಿನ ಅವರನ್ನು ಅಂಗಡಿಗೆ ಕರೆತಂದು ಒಂದನೇ ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದೆ. ಪರದೆಯ ಮೇಲೆ ಅವರೇ ತೆಗೆದ ಮಹಾಕೂಟದ ಹೊಂಡದ ಫೋಟೊ. ಕೆಳಗಿನ ಎಡಮೂಲೆಯಲ್ಲಿ ಇಸ್ಪೀಟಿನ ಚಿತ್ರ. ಎಡಗೈಯಿಂದ ಮೌಸನ್ನು ಅಲ್ಲಿಗೆ ಒಯ್ದು ಆಟ ತೆರೆಯುತ್ತಿದ್ದರು. ನಮ್ಮ ಮಗಳ ಗುರುತೇ ಸಿಗದ ದಿನವೂ ಆ ಮೂಲೆ ತಪ್ಪುತ್ತಿರಲಿಲ್ಲ. ಗಿರಾಕಿ ಬಂದರೆ ಎದ್ದು ಪಕ್ಕದ ಸ್ಟೂಲಿಗೆ ಸರಿದು ಕಾಯುತ್ತಿದ್ದರು.

ಬ್ರೌಸರು ಹಳೆಯದಾಗಿ ಸೈಟುಗಳು ಬಿಚ್ಚಿಕೊಳ್ಳಲು ತಕರಾರು ಮಾಡತೊಡಗಿದವು. ನಾನು ಬೆಳಿಗ್ಗೆ ಕಸ ಗುಡಿಸಿ, ದೀಪ ಹಚ್ಚಿ, ಎರಡರಲ್ಲೂ ಹೊಸ ಬ್ರೌಸರ್ ಇಳಿಸಿಕೊಳ್ಳುತ್ತಿದ್ದೆ. ಸಂಜೆ ಆರಿಸಿದರೆ ಅದು ಮಾಯ. ನಡುವೆ ಕರೆಂಟ್ ಹೋದರೂ ಮಾಯ. ದಿನಾ ರೊಟ್ಟಿಗೆ ಹಿಟ್ಟು ನಾದಿದಂತೆ ಮತ್ತೆ ಮೊದಲಿಂದ. ವಿಂಡೋಸ್ ಅಪ್‌ಡೇಟ್ ಮಾತ್ರ ಈ ಉಪಾಯಕ್ಕೂ ಬಗ್ಗುತ್ತಿರಲಿಲ್ಲ. ಅದು ಮುಗಿಯಲು ಮತ್ತೆ ಶುರು ಮಾಡಬೇಕು ಎನ್ನುತ್ತಿತ್ತು, ಶುರು ಮಾಡಿದರೆ ಹಾಕಿದ್ದೇ ಅಳಿಸಿಹೋಗುತ್ತಿತ್ತು. ಕೊನೆಗೆ ಹೊಸ ಬ್ರೌಸರು ಕೂಡ ಈ ಹಳೆಯ ವಿಂಡೋಸಿಗೆ ನಾ ಒಲ್ಲೆ ಎಂದಿತು.

ಅಡ್ಮಿಷನ್ ದಿನಗಳು. ಕಮತಗಿಯಿಂದ ಬಂದಿದ್ದ ಒಬ್ಬ ಹುಡುಗಿ ಅರ್ಜಿ ತುಂಬಲು ಬಹಳ ಹೊತ್ತು ಕೂತಳು. ಪುಟ ಬಿಳಿಚಿಕೊಂಡೇ ನಿಂತಿತ್ತು.

“ಆಂಟಿ, ಇವತ್ತ ಕಡೀ ದಿನಾ ಐತ್ರಿ. ಬ್ಯಾರೆ ಕಡೆ ಹೋಗ್ಲೇನ್ರಿ?”

“ಹೋಗವ್ವಾ, ಲಗೂನ ಹೋಗು.”

ಅವಳ ಹಿಂದೆ ಕಾದಿದ್ದ ಇಬ್ಬರೂ ಹೋದರು. ಮರುದಿನ ಯಾರೂ ಬರಲಿಲ್ಲ.

ಬಾಗಲಕೋಟೆಯಿಂದ ರಿಪೇರಿಯವನನ್ನು ಕರೆಸಿದೆ. ಅವನು ನೋಡಿ, “ಅಕ್ಕಾರ, ಪಾಸ್‌ವರ್ಡ್ ಇಲ್ಲಂದ್ರ ಪೂರಾ ಫಾರ್ಮ್ಯಾಟ್ ಹೊಡೀಬೇಕ್ರಿ. ಹೊಸ ವಿಂಡೋಸ್ ಹಾಕೂಣು. ಹಳೇದೇನೂ ಉಳಿಯಂಗಿಲ್ಲ” ಎಂದ.

“ಅವರ ಇಸ್ಪೀಟು?”

“ಆ ಆಟ ಹೊಸದ್ರಾಗ ಬರೂದಿಲ್ರಿ. ಒಂದನೇದು ಕಾಕಾರಿಗೆ ಹಂಗ ಬಿಡ್ಲೇನ್ರಿ?”

ಎರಡೇ ಕಂಪ್ಯೂಟರು, ಮನೆ ನಡೆಯಬೇಕಾದದ್ದು ಅವೆರಡರಿಂದಲೇ. ಅಂಗಡಿ ನಿಂತರೆ ಅವರ ಔಷಧಿಯೂ ನಿಲ್ಲುತ್ತದೆ. ಇವರು ಸ್ಟೂಲಿನ ಮೇಲೆ ಕೂತು ನಮ್ಮಿಬ್ಬರ ಬಾಯಿ ನೋಡುತ್ತಿದ್ದರು.

“ಎರಡೂ ಹೊಡೀ” ಎಂದೆ.

ಮಹಾಕೂಟದ ಆ ಫೋಟೊ ಒಂದನ್ನು ಮಾತ್ರ ಪೆನ್‌ಡ್ರೈವಿಗೆ ತೆಗೆದುಕೊಂಡೆ. ಹೊಸದೆಲ್ಲ ಹಾಕಿ, ಬರ್ಫ ಹಾಕುವ ಮೊದಲು ಅವನು, “ಹೆಂಗ ಬೇಕೋ ಹಂಗ ಜೋಡಿಸ್ಕೋರಿ. ಇನ್ನ ಮುಂದ ದಿನಾ ಹಿಂಗ ಇರ್ತೈತಿ” ಎಂದ. ನಾನು ಫೋಟೊ ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಬೇರೊಂದು ಇಸ್ಪೀಟಿನ ಆಟದ ಚಿತ್ರವನ್ನು ಎಳೆದೊಯ್ದು ಅದೇ ಮೂಲೆಯಲ್ಲಿಟ್ಟೆ. ಹೊಸ ಪಾಸ್‌ವರ್ಡನ್ನು ನಾನೇ ಹೊಡೆದೆ. ಅವನು ಆಚೆ ಮುಖ ಮಾಡಿ ನಿಂತಿದ್ದ.

ಈಗ ಸೈಟುಗಳು ತೆರೆಯುತ್ತವೆ. ತಿಂಗಳಿಗೊಮ್ಮೆ ಅಂಗಡಿ ಬಂದ್ ಇಟ್ಟು ನಾನೇ ಬರ್ಫ ಕರಗಿಸುತ್ತೇನೆ, ಅಪ್‌ಡೇಟ್ ಮುಗಿಸಿ ಮತ್ತೆ ಹಾಕುತ್ತೇನೆ. ಗಿರಾಕಿಗಳಲ್ಲಿ ಕೆಲವರು ತಿರುಗಿ ಬಂದಿದ್ದಾರೆ.

ಇವರು ಬೆಳಿಗ್ಗೆ ಒಂದನೇದರ ಮುಂದೆ ಕೂರುತ್ತಾರೆ. ಮೌಸು ಸೀದಾ ಆ ಮೂಲೆಗೆ ಹೋಗುತ್ತದೆ. ಆಟ ತೆರೆದುಕೊಳ್ಳುತ್ತದೆ, ಎಲೆಗಳ ಬಣ್ಣ ಬೇರೆ, ನಡುವೆ ಜಾಹೀರಾತು ಬರುತ್ತದೆ. ಅವರು ಸ್ವಲ್ಪ ಹೊತ್ತು ನೋಡಿ ಅದನ್ನು ಮುಚ್ಚುತ್ತಾರೆ. ಮತ್ತೆ ಅದೇ ಮೂಲೆಯನ್ನು ಒತ್ತುತ್ತಾರೆ, ಮೊದಲ ಸಲ ಕೈ ತಪ್ಪಿರಬಹುದು ಎನ್ನುವಂತೆ.

“ಅದ ಆಟ ಐತ್ರಿ, ಬ್ಯಾರೆ ಅಲ್ಲ” ಎನ್ನುತ್ತೇನೆ.

“ಹೂಂ” ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಮತ್ತೆ ಮೊದಲಿಂದ.