ಬಸ್ಸಿಗೆ ಎರಡು ನಿಮಿಷದ ಸುದ್ದಿ

ನನ್ನ ವಾರಪತ್ರಿಕೆಯ ಸುದ್ದಿ ಬಸ್ಸಿನಲ್ಲಿ ಕೇಳಿಸಬೇಕಾದರೆ ಕೊಡಬೇಕಾದ ಬೆಲೆ, ಬಸ್ ಮಾಲೀಕರಿಗೆ ಕೊನೆಯ ಪುಟದ ಜಾಹೀರಾತು ಪುಕ್ಕಟೆ. ಅವರು ಮುಖಪುಟ ಕೇಳಿದ್ದರು, ನಾನು ಒಪ್ಪಲಿಲ್ಲ. ಬಸರೀಕಟ್ಟೆಯಿಂದ ಕೊಪ್ಪಕ್ಕೆ ದಿನಾ ಬರುವವರಲ್ಲಿ ಪತ್ರಿಕೆ ಕೊಳ್ಳುವವರು ಕಡಿಮೆ, ಕಿವಿ ಇರುವವರು ಬಸ್ ತುಂಬ. ಆಗಷ್ಟೇ ಬಸ್ಸುಗಳಿಗೆ ಸಿ.ಡಿ. ಪ್ಲೇಯರ್ ಬಂದಿತ್ತು.

ಮೊದಲ ಸುದ್ದಿ ಸೇತುವೆ ರಿಪೇರಿಯದು, ಅದರಿಂದ ಬಸ್ಸಿನ ಸಮಯ ಬದಲಾಗುವುದರದು. ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುವ ಟೀಚರಮ್ಮ ಪತ್ರಿಕೆಯ ವರದಿಯನ್ನು ಇದ್ದ ಹಾಗೇ ಓದಿದರು. ಕೊಪ್ಪದ ಕಂಪ್ಯೂಟರ್ ಸೆಂಟರಿನಲ್ಲಿ ರೆಕಾರ್ಡ್ ಮಾಡಿಸಿದೆ. ನಮ್ಮ ವರದಿ ಯಾವಾಗಲೂ ಪಂಚಾಯಿತಿ ಸಭೆಯಿಂದಲೇ ಶುರು: ಅಧ್ಯಕ್ಷತೆ ಯಾರದು, ವೇದಿಕೆಯಲ್ಲಿ ಯಾರಿದ್ದರು. ಬಿಟ್ಟರೆ ಅವರಿಗೆ ಸಿಟ್ಟು.

ಮರುದಿನ ನಾನೂ ಬಸ್ಸಿನಲ್ಲಿದ್ದೆ. ಸಿ.ಡಿ.ಯಲ್ಲಿ ಅಧ್ಯಕ್ಷರ ಹೆಸರು ಮುಗಿದ ಮೇಲೆ ಉಪಾಧ್ಯಕ್ಷರದು ಬಂತು. ಹಿಂದಿನ ಸೀಟಿನಿಂದ ಸಿನಿಮಾ ಹಾಡಿಗಾಗಿ ಕೂಗು: "ಪದ್ಯ ಹಾಕು ಮಾರಾಯ!" ಏರಿನಲ್ಲಿ ಡ್ರೈವರ್ ಗೇರ್ ಬದಲಿಸಿದಾಗ ಇಂಜಿನ್ ಸದ್ದಿಗೆ ಬಸ್ಸಿನ ಹೊಸ ಸಮಯವೇ ಮುಳುಗಿಹೋಯಿತು.

"ನಿಮ್ಮ ಅಧ್ಯಕ್ಷರು ಕೂತು ಮುಗಿಸೋ ಹೊತ್ತಿಗೆ ಅರ್ಧ ಬಸ್ ಇಳಿದಿತ್ತು, ಸಾರ್," ಎಂದರು ಕಂಡಕ್ಟರ್.

ಮಾಲೀಕರು ನೇರವಾಗಿ ಹೇಳಿದರು: "ನಾಳೆ ಒಂದು ದಿನ ನೋಡ್ತೀನಿ. ಜನ ಮತ್ತೆ ಪದ್ಯ ಕೇಳಿದ್ರೆ ನಿಮ್ಮ ಸುದ್ದಿ ಬಂದ್."

ಆ ಸಂಜೆ ಟೀಚರಮ್ಮನೂ ನಾನೂ ವರದಿಯನ್ನು ಮುಂದಿಟ್ಟುಕೊಂಡು ಕೂತೆವು. "ಕಾಗದದಲ್ಲಾದ್ರೆ ಕಣ್ಣು ಹಿಂದಕ್ಕೆ ಹೋಗಿ ಓದ್ಕೊಳ್ಳುತ್ತೆ. ಕಿವಿಗೆ ಆ ಸವಲತ್ತಿಲ್ಲ," ಎಂದರು ಅವರು. ವೇದಿಕೆಯನ್ನೆಲ್ಲ ಖಾಲಿ ಮಾಡಿದೆವು. 'ಮೇಲ್ಕಂಡ', 'ಸದರಿ' ಎರಡೂ ಹೋದವು. ಉದ್ದ ವಾಕ್ಯಗಳನ್ನು ಮುರಿದೆವು. ಆರು ನಿಮಿಷದ್ದು ಎರಡಕ್ಕೆ ಇಳಿಯಿತು.

"ಉಪಾಧ್ಯಕ್ಷರು ಕೇಳಿದ್ರೆ ಎಂತ ಹೇಳ್ತೀರಿ?"

"ಪತ್ರಿಕೇಲಿ ಫೋಟೋ ಹಾಕಿದ್ದೀನಲ್ಲ, ಸಾಕು."

ಮಾರನೆಯ ಬೆಳಿಗ್ಗೆ ಬಸ್ ಸಮತಟ್ಟು ರಸ್ತೆಗೆ ಬಂದ ಮೇಲೇ ಕಂಡಕ್ಟರ್ ಗುಂಡಿ ಒತ್ತಿದರು. ಟೀಚರಮ್ಮನ ದನಿ: "ಸೋಮವಾರದಿಂದ ಈ ಬಸ್ ಎಂಟಕ್ಕಲ್ಲ, ಏಳೂವರೆಗೇ ಹೊರಡುತ್ತದೆ." ಮಾತುಕತೆ ನಿಂತಿತು. ಆಮೇಲೆ ಯಾಕೆ, ಯಾವ ದಾರಿ, ಎಷ್ಟು ದಿನ.

ನಡುವೆ ಹತ್ತಿದ ಒಬ್ಬಾಕೆ ಗಾಬರಿಯಾದರು: "ಎಷ್ಟು ಗಂಟೆಗೆ ಅಂತು, ಕಂಡಕ್ಟ್ರೇ?"

ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಸಿ.ಡಿ.ಯ ಕೊನೆಯ ಸಾಲು ಉತ್ತರ ಕೊಟ್ಟಿತು: "ಮತ್ತೊಮ್ಮೆ ಕೇಳಿ: ಸೋಮವಾರದಿಂದ, ಬೆಳಿಗ್ಗೆ ಏಳೂವರೆಗೆ." ಬಸ್ಸಿಗೆ ಬಸ್ಸೇ ನಕ್ಕಿತು. ಪದ್ಯವನ್ನು ಯಾರೂ ಕೇಳಲಿಲ್ಲ.

ಸೋಮವಾರ ಏಳೂವರೆಗೆ ಬಸ್ ಭರ್ತಿ. ಮಾಲೀಕರು ತಮ್ಮ ಶೃಂಗೇರಿ ಬಸ್ಸಿಗೂ ಒಂದು ಸಿ.ಡಿ. ಕೇಳಿದರು. ಜಾಹೀರಾತು ಮಾತ್ರ ಅದೇ ಅಳತೆಯದು ಎಂದೆ, ಗೊಣಗಿ ಒಪ್ಪಿದರು.

ನೀವೂ ಬಸ್ಸಿಗೆ ಸುದ್ದಿ ಮಾಡುವವರಾದರೆ ಕೇಳಿ. ಕೇಳುಗನಿಗೆ ಬೇಕಾದದ್ದನ್ನು ಮೊದಲ ಮಾತಿನಲ್ಲೇ ಕೊಡಿ, ಕಾರಣ ಆಮೇಲಿರಲಿ. ದಿನ, ಸಮಯವನ್ನು ಕೊನೆಗೆ ಇನ್ನೊಮ್ಮೆ ಹೇಳಿ. ತಡವಾಗಿ ಹತ್ತುವವರು ಇದ್ದೇ ಇರುತ್ತಾರೆ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ, ಉಸಿರು ಸಿಕ್ಕಿಬಿದ್ದಲ್ಲಿ ವಾಕ್ಯ ಮುರಿಯಿರಿ. ಮತ್ತೆ ಮುಖಪುಟವನ್ನು ಯಾರಿಗೂ ಪುಕ್ಕಟೆ ಕೊಡಬೇಡಿ.